ಟಿ480ರ ಸಣ್ಣ ಸಾಕೆಟ್ಟು, ಮೂರು ಎಸ್‌ಎಸ್‌ಡಿ

ಅಕ್ಕನ ಮಗ ಎಂಜಿನಿಯರಿಂಗ್ ಸೇರಿದ ಅಂತ ಎಸ್‌ಪಿ ರೋಡಿನಿಂದ ಒಂದು ಹಳೆಯ ಥಿಂಕ್‌ಪ್ಯಾಡ್ ಟಿ480 ತಂದುಕೊಟ್ಟಿದ್ದೆ. 2018ರ ಮಾಡೆಲ್ಲು, ಕೀಬೋರ್ಡು ಗಟ್ಟಿಮುಟ್ಟು. ಎರಡು ತಿಂಗಳಾದ ಮೇಲೆ ಹುಡುಗನ ಬೇಡಿಕೆ ಬಂತು: "ಮಾಮ, ವಿಂಡೋಸ್ ಇದ್ದ ಹಾಗೇ ಇರಲಿ. ಲಿನಕ್ಸಿಗೆ ಬೇರೆಯದೇ ಡ್ರೈವ್ ಬೇಕು." ಟಿ480ರಲ್ಲಿ ಇದಕ್ಕೊಂದು ಜಾಗ ಇದೆ. ಸಿಮ್ ಹಾಕುವ 4ಜಿ ಮೋಡೆಮ್ ಕೂರಲೆಂದು ಬಿಟ್ಟ ಸಣ್ಣ ಎಂ.2 ಸಾಕೆಟ್ಟು ನಮ್ಮ ದೇಶದಲ್ಲಿ ಮಾರಿದ ಎಷ್ಟೋ ಯಂತ್ರಗಳಲ್ಲಿ ಖಾಲಿಯೇ ಇರುತ್ತದೆ. ಅಲ್ಲಿ 42 ಮಿಲಿಮೀಟರ್ ಉದ್ದದ ಎಸ್‌ಎಸ್‌ಡಿ ಹಾಕಬಹುದು ಅಂತ ನನಗೆ ಗೊತ್ತಿತ್ತು. ಯಾವ ಎಸ್‌ಎಸ್‌ಡಿ ಅನ್ನುವುದು ಸರಿಯಾಗಿ ಗೊತ್ತಿರಲಿಲ್ಲ. ಹಾಗಾಗಿ ಅರ್ಧ ಗಂಟೆಯ ಕೆಲಸಕ್ಕೆ ಮೂರು ಭಾನುವಾರ ಹಿಡಿಯಿತು.

ಮೊದಲ ಭಾನುವಾರ. ಬಿಚ್ಚುವ ಮೊದಲು ಒಂದು ಕೆಲಸ ಮರೆಯಬಾರದು. ಟಿ480ಗೆ ಹೊರಗಿನಿಂದ ತೆಗೆಯುವ ಬ್ಯಾಟರಿಯ ಜೊತೆ ಒಳಗೆ ಇನ್ನೊಂದು ಬ್ಯಾಟರಿ ಇದೆ. ಹೊರಗಿನದನ್ನು ತೆಗೆದ ಮಾತ್ರಕ್ಕೆ ಬೋರ್ಡಿಗೆ ಕರೆಂಟು ನಿಲ್ಲುವುದಿಲ್ಲ. ಆನ್ ಮಾಡುವಾಗ ಎಫ್1 ಒತ್ತಿ ಬಯೋಸ್‌ಗೆ ಹೋಗಿ, `Config` ಅಡಿಯಲ್ಲಿ `Power`, ಅದರಲ್ಲಿ `Disable Built-in Battery` ಆರಿಸಿದರೆ ಯಂತ್ರ ತಾನೇ ಆರಿಹೋಗುತ್ತದೆ. ಮತ್ತೆ ಚಾರ್ಜರ್ ಚುಚ್ಚುವ ತನಕ ಒಳಗಿನ ಬ್ಯಾಟರಿ ಮಲಗಿರುತ್ತದೆ. ಆಮೇಲೆ ಅಡಿಯ ಮುಚ್ಚಳದ ಸ್ಕ್ರೂಗಳನ್ನು ಸಡಿಲಿಸಿ (ಅವು ಮುಚ್ಚಳಕ್ಕೇ ಅಂಟಿಕೊಂಡಿರುತ್ತವೆ, ಕಳೆದುಹೋಗುವುದಿಲ್ಲ), ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಸುತ್ತಲೂ ಮೆಲ್ಲಗೆ ಎಬ್ಬಿಸಿದೆ.

ನನ್ನ ಹತ್ತಿರ ಬೇರೊಂದು ಲ್ಯಾಪ್‌ಟಾಪಿನಿಂದ ತೆಗೆದಿಟ್ಟ 42 ಮಿಲಿಮೀಟರಿನ ಎನ್‌ವಿಎಂಇ ಡ್ರೈವ್ ಇತ್ತು. ಅಗಲ 22, ಉದ್ದ 42, ಅದಕ್ಕೇ ಅಂಥವನ್ನು 2242 ಅನ್ನುವುದು. ಅಳತೆ ಸರಿಯಿದೆ, ಇನ್ನೇನು ಬೇಕು ಅಂತ ಓರೆಯಾಗಿ ಹಿಡಿದು ತಳ್ಳಿದೆ. ಹೋಗಲಿಲ್ಲ. ತಿರುಗಿಸಿ ಮಗುಚಿ ಹಿಡಿದೆ, ಆಗಲೂ ಇಲ್ಲ. "ಸ್ವಲ್ಪ ಜೋರಾಗಿ ಒತ್ತಲಾ ಮಾಮ?" ಅಂತ ಹುಡುಗ ಕೈ ಮುಂದೆ ತಂದ. ಅವನ ಕೈ ಹಿಡಿದುಕೊಂಡೆ. ಎಂ.2 ಸಾಕೆಟ್ಟಿನಲ್ಲಿ ಜೋರು ಬೇಕಾಯಿತು ಅಂದರೆ ಏನೋ ತಪ್ಪಾಗಿದೆ ಅಂತಲೇ ಅರ್ಥ. ಸರಿಯಾದ ಕಾರ್ಡು ಓರೆಯಾಗಿ ಹಿಡಿದಾಗ ಬೆರಳ ತುದಿಯ ಒತ್ತಡಕ್ಕೇ ಒಳಗಿಳಿಯುತ್ತದೆ.

ಟಾರ್ಚು ಬಿಟ್ಟು ನೋಡಿದರೆ ಕಾರಣ ಕಣ್ಣಿಗೇ ಕಂಡಿತು. ಸಾಕೆಟ್ಟಿನ ಬಾಯೊಳಗೆ ಒಂದು ಸಣ್ಣ ಪ್ಲಾಸ್ಟಿಕ್ ನಾಲಗೆ ಇದೆ. ಡ್ರೈವಿನ ಚಿನ್ನದ ಅಂಚಿನಲ್ಲಿ ಆ ನಾಲಗೆ ಕೂರಲು ಕಚ್ಚು ಇರಬೇಕು. ನನ್ನ ಡ್ರೈವಿಗೂ ಕಚ್ಚಿತ್ತು, ಆದರೆ ಅಂಚಿನ ಇನ್ನೊಂದು ತುದಿಯಲ್ಲಿ.

ಈ ಕಚ್ಚುಗಳನ್ನು ಎಡ-ಬಲ ಅಂತ ನೆನಪಿಟ್ಟುಕೊಳ್ಳಲು ಹೋದರೆ ಗೊಂದಲ, ಕಾರ್ಡನ್ನು ಹೇಗೆ ಹಿಡಿದಿದ್ದೀರಿ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ನಾನು ಎಣಿಸುತ್ತೇನೆ. ಚಿಪ್ಪುಗಳಿರುವ ಮುಖವನ್ನು ಮೇಲೆ ಮಾಡಿ, ಫೋನಿನ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದರೆ ಚಿನ್ನದ ಪಟ್ಟಿಗಳು ಎಣಿಸಲು ಸಿಗುತ್ತವೆ. ಕಚ್ಚಿನಿಂದ ಹತ್ತಿರದ ಅಂಚಿನ ತನಕ ಐದೇ ಪಟ್ಟಿ ಇದ್ದರೆ ಅದು ಎಂ ಕಚ್ಚು. ಆರು ಇದ್ದರೆ ಅದು ಬಿ ಕಚ್ಚು. ಎರಡೂ ತುದಿಯಲ್ಲಿ ಕಚ್ಚಿದ್ದು ಒಂದು ಕಡೆ ಆರು, ಇನ್ನೊಂದು ಕಡೆ ಐದು ಎಣಿಸಿದರೆ ಅದು ಎರಡೂ ಇರುವ ಬಿ-ಎಂ ಡ್ರೈವ್. ನನ್ನದರಲ್ಲಿ 29 ಪಟ್ಟಿಯ ಉದ್ದನೆ ಸಾಲು, ಕಚ್ಚು, ಆಮೇಲೆ ಐದು. ಬರೀ ಎಂ. ಟಿ480ರ ಮೋಡೆಮ್ ಸಾಕೆಟ್ಟು ಬಿ. ಸಾಕೆಟ್ಟಿನ ನಾಲಗೆ ಇರುವ ಕಡೆ ನನ್ನ ಡ್ರೈವಿಗೆ ಚಿನ್ನದ ಪಟ್ಟಿಗಳಿದ್ದವು, ಕಚ್ಚಿರಲಿಲ್ಲ.

ಅಷ್ಟಾದ ಮೇಲೆ ಹುಡುಗನಿಗೆ ಒಂದು ಐಡಿಯಾ ಬಂತು: ಆ ಕಡೆಯೂ ಒಂದು ಕಚ್ಚು ಅರದಿಂದ ಉಜ್ಜಿಬಿಟ್ಟರೆ? ನಗು ಬಂದರೂ ಪ್ರಶ್ನೆ ದಡ್ಡತನದ್ದಲ್ಲ. ಉತ್ತರ ಹುಡುಕಲು ಪಿನ್ನುಗಳ ಪಟ್ಟಿ ತೆಗೆದು ಕೂತಾಗಲೇ ನನಗೂ ಈ ಇಡೀ ಕಥೆ ಅರ್ಥವಾದದ್ದು.

ಎಂ.2 ಅಂಚಿನಲ್ಲಿ 75 ಸ್ಥಾನಗಳಿವೆ. ಮೇಲ್ಮುಖಕ್ಕೆ ಬೆಸ ಸಂಖ್ಯೆ, ಕೆಳಮುಖಕ್ಕೆ ಸಮ ಸಂಖ್ಯೆ. ಒಂದೊಂದು ಕಚ್ಚು ಎಂಟು ಸ್ಥಾನಗಳನ್ನು ನುಂಗುತ್ತದೆ. ಬಿ ಕಚ್ಚು ನುಂಗುವುದು 12ರಿಂದ 19, ಎಂ ಕಚ್ಚು ನುಂಗುವುದು 59ರಿಂದ 66. ಎನ್‌ವಿಎಂಇ ಡ್ರೈವ್ ಮಾತಾಡುವುದು ಪಿಸಿಐಇ ಲೇನುಗಳಲ್ಲಿ. ಒಂದು ಲೇನಿಗೆ ನಾಲ್ಕು ತಂತಿ: ಕಳಿಸಲು ಎರಡು, ಪಡೆಯಲು ಎರಡು. ಮೊದಲನೇ ಲೇನು 41, 43, 47, 49ರಲ್ಲಿದೆ. ಎರಡನೆಯದು 29, 31, 35, 37ರಲ್ಲಿ. ಇವೆರಡೂ ಅಂಚಿನ ನಡುಭಾಗದಲ್ಲಿ ಇರುವುದರಿಂದ ಯಾವ ಕಚ್ಚೂ ಇವನ್ನು ಮುಟ್ಟುವುದಿಲ್ಲ. ಮೂರನೆಯದು 17, 19, 23, 25. ನಾಲ್ಕನೆಯದು 5, 7, 11, 13. ಈಗ ಬಿ ಕಚ್ಚನ್ನು ಇದರ ಮೇಲಿಟ್ಟು ನೋಡಿ. ಮೂರನೇ ಲೇನಿನ ಎರಡು ತಂತಿ, ನಾಲ್ಕನೇ ಲೇನಿನ ಒಂದು ತಂತಿ ಅದರ ಬಾಯಿಗೆ ಬೀಳುತ್ತವೆ. ಒಂದು ತಂತಿ ಹೋದರೂ ಲೇನು ಹೋದಂತೆ. ಆದ್ದರಿಂದ ಬಿ ಕಚ್ಚಿರುವ ಯಾವ ಡ್ರೈವೂ ಎರಡು ಲೇನಿಗಿಂತ ಹೆಚ್ಚು ಬಳಸಲಾರದು. ನಾಲ್ಕು ಲೇನಿನ ಡ್ರೈವುಗಳಿಗೆ ಬರೀ ಎಂ ಕಚ್ಚೇ ಯಾಕೆ ಅನ್ನುವುದೂ ಇದರಲ್ಲೇ ಇದೆ.

ಎಂ ಕಚ್ಚು ನುಂಗುವ 59ರಿಂದ 66ರ ತನಕದ ಸ್ಥಾನಗಳು ಬಿ ಸಾಕೆಟ್ಟಿನಲ್ಲಿ ಆಂಟೆನಾ ನಿಯಂತ್ರಣ, ಸಿಮ್ ಇದೆಯೋ ಇಲ್ಲವೋ ನೋಡುವುದು ಇಂಥ ಮೋಡೆಮ್ಮಿನ ಕೆಲಸಕ್ಕೆ. ಡಿಸ್ಕಿಗೆ ಅವು ಬೇಕಿಲ್ಲ. ಹಾಗಾಗಿ ಎರಡು ಲೇನು ಸಾಕು ಅನ್ನುವ ಡ್ರೈವಿಗೆ ಎರಡೂ ಕಚ್ಚು ಹಾಕಿದರೆ ನಷ್ಟವಿಲ್ಲ, ಬಿ ಸಾಕೆಟ್ಟಿಗೂ ಎಂ ಸಾಕೆಟ್ಟಿಗೂ ಕೂರುತ್ತದೆ.

ಅರದ ಐಡಿಯಾಕ್ಕೆ ಉತ್ತರ ಕೆಳಮುಖದಲ್ಲಿತ್ತು. ಬರೀ ಎಂ ಕಚ್ಚಿನ ಡ್ರೈವಿನಲ್ಲಿ 12, 14, 16, 18, ಈ ನಾಲ್ಕೂ 3.3 ವೋಲ್ಟಿನ ಪಿನ್ನುಗಳು. ಒಟ್ಟು ಒಂಬತ್ತು ವಿದ್ಯುತ್ ಪಿನ್ನುಗಳಲ್ಲಿ ನಾಲ್ಕನ್ನು ಅರ ತಿಂದುಹಾಕುತ್ತದೆ. ಜೊತೆಗೆ ಬೋರ್ಡಿನ ಪದರಗಳ ನಡುವೆ ಇರುವ ತಾಮ್ರದ ಹಾಳೆಗಳು ಉಜ್ಜಿದ ಪುಡಿಯಿಂದ ಒಂದಕ್ಕೊಂದು ತಾಗಿದರೆ ಡ್ರೈವಿನ ಜೊತೆ ಲ್ಯಾಪ್‌ಟಾಪಿನ ಬೋರ್ಡೂ ಹೋಗಬಹುದು. ಅರ ವಾಪಸು ಡಬ್ಬಿ ಸೇರಿತು.

ಎರಡನೇ ಭಾನುವಾರಕ್ಕೆ ಮೊದಲೇ ಊರಿನ ಅಂಗಡಿಗೆ ಹೋಗಿ 2242 ಅಳತೆಯ, ಎರಡು ಕಚ್ಚಿನ ಡ್ರೈವ್ ಕೇಳಿದೆ. ಅಂಗಡಿಯವರು ಡಬ್ಬಿ ತೆರೆದು ತೋರಿಸಿದರು. "ನೋಡಿ ಸಾರ್, ಎರಡು ಕಟ್ ಇದೆ. ಇದು ಎಲ್ಲಾ ಸ್ಲಾಟಿಗೂ ಹೋಗತ್ತೆ." ಎಣಿಸಿದೆ: ಆರು, ಮಧ್ಯೆ ಹತ್ತೊಂಬತ್ತು, ಆ ಕಡೆ ಐದು. ಸಂತೋಷದಿಂದ ದುಡ್ಡು ಕೊಟ್ಟು ಬಂದೆ. ಅವರು ಹೇಳಿದ್ದು ಸುಳ್ಳೂ ಅಲ್ಲ, ಹೋಗುವುದೇನೋ ಹೋಯಿತು. ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಒಳಗಿಳಿಯಿತು, ಹಿಂತುದಿ ಒತ್ತಿದರೆ ಗೂಟದ ಮೇಲೆ ಸರಿಯಾಗಿ ಕೂತಿತು. ಸ್ಕ್ರೂ ಯಂತ್ರದ ಜೊತೆ ಬಂದಿರಲಿಲ್ಲ, ಹಳೆಯ ಲ್ಯಾಪ್‌ಟಾಪಿನ ಡಬ್ಬಿಯಿಂದ ಎರಡು ಮಿಲಿಮೀಟರಿನದೊಂದು ಹುಡುಕಿ ಬಿಗಿದೆ.

ಆನ್ ಮಾಡಿದರೆ ಬಯೋಸ್‌ನಲ್ಲಿ ಹಳೆಯ ಡ್ರೈವ್ ಒಂದೇ. ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿ `lsblk` ಹೊಡೆದೆ, ಇಲ್ಲ. `lspci` ಹೊಡೆದೆ, ಇಲ್ಲ. `dmesg`ನಲ್ಲಿ ಒಂದು ದೂರಿನ ಸಾಲೂ ಇಲ್ಲ. ಯಂತ್ರದ ಮಟ್ಟಿಗೆ ಆ ಸಾಕೆಟ್ಟು ಖಾಲಿ. ಬಿಚ್ಚಿ ಮುಟ್ಟಿ ನೋಡಿದರೆ ಡ್ರೈವ್ ಮಾತ್ರ ಸ್ವಲ್ಪ ಬೆಚ್ಚಗಿತ್ತು. ಕರೆಂಟು ಹೋಗುತ್ತಿದೆ, ಮಾತು ಹೋಗುತ್ತಿಲ್ಲ.

ಡಬ್ಬಿಯನ್ನು ಮತ್ತೆ ಓದಿದೆ. ಸಣ್ಣಕ್ಷರದಲ್ಲಿ ಸಾಟಾ 6 ಗಿಗಾಬಿಟ್ ಅಂತಿತ್ತು. ಎಂ.2 ಅನ್ನುವುದು ಆಕಾರದ ಹೆಸರು ಮಾತ್ರ. ಅದೇ ಆಕಾರದ ಡ್ರೈವುಗಳಲ್ಲಿ ಕೆಲವು ಎನ್‌ವಿಎಂಇ, ಅವು ಪಿಸಿಐಇ ಮೇಲೆ ಮಾತಾಡುತ್ತವೆ. ಕೆಲವು ಹಳೆಯ ಹಾರ್ಡ್ ಡಿಸ್ಕಿನ ಸಾಟಾ ಭಾಷೆಯವು. ಎರಡಕ್ಕೂ ಬಿ-ಎಂ ಕಚ್ಚು ಇರಬಹುದು, ಅದರಲ್ಲೂ ಸಾಟಾ ಡ್ರೈವುಗಳಿಗೆ ಎರಡು ಕಚ್ಚು ಇರುವುದೇ ಹೆಚ್ಚು. ಬಳಸುವ ತಂತಿಗಳೂ ಒಂದೇ: ಮೊದಲನೇ ಲೇನಿನ ಆ 41, 43, 47, 49ರಲ್ಲೇ ಸಾಟಾ ಓಡುತ್ತದೆ. ಆ ನಾಲ್ಕು ತಂತಿಗಳ ಇನ್ನೊಂದು ತುದಿಯಲ್ಲಿ, ಮದರ್‌ಬೋರ್ಡಿನ ಕಡೆ, ಯಾರು ಕೂತಿದ್ದಾರೆ ಅನ್ನುವುದೇ ಪ್ರಶ್ನೆ. ಟಿ480ರ ಈ ಸಾಕೆಟ್ಟಿಗೆ ಪಿಸಿಐಇ ಎಳೆದಿದ್ದಾರೆ, ಸಾಟಾ ಎಳೆದಿಲ್ಲ. ನನ್ನ ಡ್ರೈವ್ ಸಾಟಾದಲ್ಲಿ ಕೂಗುತ್ತಿತ್ತು, ಆ ಕಡೆ ಅದನ್ನು ಬಲ್ಲವರು ಇರಲಿಲ್ಲ.

ಲೇಬಲ್ ಕಿತ್ತುಹೋದ ಡ್ರೈವ್ ಸಿಕ್ಕರೆ ಏನು ಮಾಡುವುದು ಅಂತ ಹುಡುಗ ಕೇಳಿದ. ಇದಕ್ಕೆ ಮಲ್ಟಿಮೀಟರ್ ಸಾಕು, ಮಾಡಿಯೇ ತೋರಿಸಿದೆ. ಐದು ಪಟ್ಟಿಯ ಆ ಗುಂಪಿನಲ್ಲಿ ಕಚ್ಚಿನ ಪಕ್ಕದ್ದು 67, ಅದರ ಮುಂದಿನದು 69, ಆಮೇಲಿನ 71, 73, 75 ಮೂರೂ ಗ್ರೌಂಡ್. ನಮಗೆ ಬೇಕಾದದ್ದು 69, ಅಂದರೆ ಕಚ್ಚಿನಿಂದ ಎರಡನೆಯದು. ಡ್ರೈವ್ ತನ್ನ ಜಾತಿ ಹೇಳಿಕೊಳ್ಳುವುದೇ ಅದರಲ್ಲಿ. ಸಾಟಾ ಡ್ರೈವಿನಲ್ಲಿ ಅದನ್ನು ಗ್ರೌಂಡಿಗೆ ಕಟ್ಟಿರುತ್ತಾರೆ, ಪಿಸಿಐಇ ಡ್ರೈವಿನಲ್ಲಿ ಯಾವುದಕ್ಕೂ ಕಟ್ಟದೆ ಬಿಟ್ಟಿರುತ್ತಾರೆ. ಎರಡನ್ನೂ ಬಲ್ಲ ಮದರ್‌ಬೋರ್ಡು ಈ ಪಿನ್ ನೋಡಿಯೇ ಆ ನಾಲ್ಕು ತಂತಿಗಳನ್ನು ಯಾರಿಗೆ ಕೊಡಬೇಕು ಅಂತ ತೀರ್ಮಾನಿಸುತ್ತದೆ.

ಒಂದು ತೊಂದರೆ ಎಂದರೆ ಪಟ್ಟಿಯಿಂದ ಪಟ್ಟಿಗೆ ಅರ್ಧ ಮಿಲಿಮೀಟರ್ ಮಾತ್ರ, ಮೀಟರಿನ ದಪ್ಪ ಮೊನೆ ಒಟ್ಟಿಗೆ ಎರಡನ್ನು ಮುಟ್ಟಿಬಿಡುತ್ತದೆ. ಕೆಂಪು ಮೊನೆಗೆ ಅಮ್ಮನ ಹೊಲಿಗೆ ಸೂಜಿಯನ್ನು ತಾಮ್ರದ ಎಳೆಯಿಂದ ಸುತ್ತಿ ಕಟ್ಟಿದೆ. ಡ್ರೈವ್ ಮೇಜಿನ ಮೇಲೆ ಒಂಟಿಯಾಗಿರಬೇಕು, ಯಾವ ಯಂತ್ರಕ್ಕೂ ಸಿಕ್ಕಿಸಿರಬಾರದು. ಮೀಟರನ್ನು ಸದ್ದು ಮಾಡುವ ಕಡೆ ತಿರುಗಿಸಿ, ಕಪ್ಪು ಮೊನೆಯನ್ನು ಹಿಂತುದಿಯಲ್ಲಿ ಸ್ಕ್ರೂ ಕೂರುವ ಅರ್ಧಚಂದ್ರದ ಲೋಹಕ್ಕೆ ಒತ್ತಿದೆ. ಮೊದಲು ಕೊನೆಯ ಮೂರು ಪಟ್ಟಿ ಮುಟ್ಟಿದೆ: ಕುಂಯ್, ಕುಂಯ್, ಕುಂಯ್. ಈ ಮೂರು ಕೂಗದಿದ್ದರೆ ಹಿಡಿದ ಜಾಗವೇ ತಪ್ಪು, ಮುಂದೆ ಹೋಗಬಾರದು. ಆಮೇಲೆ ಕಚ್ಚಿನಿಂದ ಎರಡನೆಯದಕ್ಕೆ ಸೂಜಿ ಇಟ್ಟೆ. ಕುಂಯ್. ಸಾಟಾ. ಮೊದಲ ವಾರದ ಎಂ ಕಚ್ಚಿನ ಡ್ರೈವಿಗೆ ಅದೇ ಪರೀಕ್ಷೆ ಮಾಡಿದಾಗ ಕೊನೆಯ ಮೂರು ಕೂಗಿದವು, ಎರಡನೆಯದು ಸುಮ್ಮನಿತ್ತು. ಎನ್‌ವಿಎಂಇ. ಹುಡುಗ ಇದನ್ನು ಫೋನಿನಲ್ಲಿ ಹಿಡಿದು ಹಾಸ್ಟೆಲಿನ ಗುಂಪಿಗೆ ಹಾಕಿದ.

ಡ್ರೈವ್ ನಿಜಕ್ಕೂ ಬದುಕಿದೆಯೇ ಅನ್ನುವ ಅನುಮಾನ ಉಳಿದಿತ್ತು. ನನ್ನ ಡೆಸ್ಕ್‌ಟಾಪಿನಲ್ಲಿ ಎಂ ನಾಲಗೆಯ ಸಾಕೆಟ್ಟು ಖಾಲಿಯಿದೆ, ಅದು ಎರಡೂ ಭಾಷೆ ಬಲ್ಲದು ಅಂತ ಬೋರ್ಡಿನ ಪುಸ್ತಕದಲ್ಲಿ ಬರೆದಿದೆ. ಬಿ-ಎಂ ಡ್ರೈವ್ ಅಲ್ಲಿಗೂ ಸಲೀಸಾಗಿ ಇಳಿಯಿತು. 42 ಮಿಲಿಮೀಟರಿನ ಹತ್ತಿರ ಗೂಟದ ತೂತು ಇತ್ತು, ಇಲ್ಲದಿದ್ದರೆ ಹಿಂತುದಿ ಮೇಲೆದ್ದೇ ನಿಲ್ಲುತ್ತಿತ್ತು. ಆನ್ ಮಾಡಿದರೆ ಹೊಸ ಡ್ರೈವ್ ತಕ್ಷಣ ಕಂಡಿತು. ಆದರೆ ನನ್ನ ಫೋಟೋಗಳಿರುವ ಹಳೆಯ ಹಾರ್ಡ್ ಡಿಸ್ಕು ಮಾಯ! ಒಂದು ಕ್ಷಣ ಎದೆ ಧಸಕ್ಕೆಂದಿತು. ಪುಸ್ತಕದಲ್ಲಿ ಅದಕ್ಕೂ ಉತ್ತರವಿತ್ತು: ಎಂ.2ನಲ್ಲಿ ಸಾಟಾ ಡ್ರೈವ್ ಕೂತರೆ ಒಂದು ಮಾಮೂಲಿ ಸಾಟಾ ಕನೆಕ್ಟರ್ ಕೆಲಸ ನಿಲ್ಲಿಸುತ್ತದೆ, ಎರಡಕ್ಕೂ ಇರುವುದು ಒಂದೇ ಸಾಲು. ಹಾರ್ಡ್ ಡಿಸ್ಕಿನ ಕೇಬಲನ್ನು ಬೇರೆ ಕನೆಕ್ಟರಿಗೆ ಬದಲಿಸಿದೆ, ಫೋಟೋಗಳು ಬಂದವು. ಸಾಟಾ ಡ್ರೈವ್ ಅಲ್ಲೇ ಉಳಿಯಿತು, ಈಗ ನನ್ನ ಬ್ಯಾಕಪ್ಪಿಗೆ ಅದೇ.

ಹೀಗೆ ಕಾಣದ ಡ್ರೈವನ್ನು ಸತ್ತದ್ದು ಅಂದುಕೊಂಡು ಹಿಂತಿರುಗಿಸುವವರು ಬಹಳ ಜನ ಇರಬೇಕು. ಯುಎಸ್‌ಬಿ ಡಬ್ಬಿಗಳಲ್ಲೂ ಇದೇ ಕಥೆ. ಒಳಗಿನ ಚಿಪ್ಪು ಎನ್‌ವಿಎಂಇ ಮಾತ್ರ ಬಲ್ಲದ್ದಾದರೆ ಬಿ-ಎಂ ಸಾಟಾ ಡ್ರೈವ್ ಅದರಲ್ಲಿ ಚೆನ್ನಾಗಿ ಕೂತು ಮೌನವಾಗಿರುತ್ತದೆ.

ಮೂರನೇ ಭಾನುವಾರಕ್ಕೆ ಕೇಳುವ ವಾಕ್ಯ ಸಿದ್ಧವಾಗಿತ್ತು: 2242, ಬಿ-ಎಂ ಕಚ್ಚು, ಎನ್‌ವಿಎಂಇ. ಮೂರೂ ಒಟ್ಟಿಗೆ ಇರುವ ಡ್ರೈವುಗಳು ಅಂಗಡಿಯ ಗಾಜಿನ ಕಪಾಟಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಯಾಕೆಂದರೆ ಎರಡು ಲೇನಿನ ಎನ್‌ವಿಎಂಇ ತಯಾರಾದದ್ದೇ ಕಡಿಮೆ. ವೆಸ್ಟರ್ನ್ ಡಿಜಿಟಲ್‌ನ ಎಸ್‌ಎನ್520 ಮತ್ತು ತೋಷಿಬಾದ ಆರ್‌ಸಿ100 ಈ ಬಗೆಯವು. ಎಸ್‌ಎನ್520ರಲ್ಲಿ ಬೇರೆ ಉದ್ದದವೂ ಇರುವುದರಿಂದ ಹೆಸರಿನ ಜೊತೆ 2242 ಅಂತಲೂ ನೋಡಿಕೊಳ್ಳಬೇಕು. ಹಳೆಯ ಬಿಡಿಭಾಗ ಮಾರುವವರ ಹತ್ತಿರ 256 ಜಿಬಿಯ ಬಳಸಿದ ಎಸ್‌ಎನ್520 ಸಿಕ್ಕಿತು. ದುಡ್ಡು ಕೊಡುವ ಮೊದಲು ಅಂಚಿನ ಫೋಟೋ ಕಳಿಸಿ ಅಂತ ಕೇಳಿ, ಆರು ಮತ್ತು ಐದು ಎಣಿಸಿಕೊಂಡೆ. ಚಿಪ್ಪುಗಳು ಒಂದೇ ಮುಖದಲ್ಲಿವೆಯೇ ಅಂತಲೂ ನೋಡಿದೆ, ಮೋಡೆಮ್ಮಿಗೆಂದು ಮಾಡಿದ ಜಾಗದಲ್ಲಿ ಅಡಿಮುಖಕ್ಕೂ ಚಿಪ್ಪಿದ್ದರೆ ಬೋರ್ಡಿಗೆ ಒತ್ತಿಕೊಳ್ಳಬಹುದು.

ಕೂರಿಸುವಾಗ ಒಂದೇ ತಾಪತ್ರಯ. ಮೋಡೆಮ್ಮಿಗೆಂದು ಬಿಟ್ಟಿದ್ದ ಎರಡು ಆಂಟೆನಾ ತಂತಿಗಳ ತುದಿ ಅಲ್ಲೇ ಓಲಾಡುತ್ತಿತ್ತು. ಆ ಲೋಹದ ತುದಿ ಡ್ರೈವಿನ ಮೇಲೆ ಬಿದ್ದರೆ ಏನನ್ನಾದರೂ ಶಾರ್ಟ್ ಮಾಡೀತು ಅಂತ, ಇನ್ಸುಲೇಷನ್ ಟೇಪು ಸುತ್ತಿ ಪಕ್ಕಕ್ಕೆ ಒತ್ತಿಟ್ಟೆ. ಈ ಸಲ ಬಯೋಸ್‌ನಲ್ಲೇ ಎರಡನೇ ಡ್ರೈವ್ ಹೆಸರು ಸಮೇತ ಬಂತು. ಲಿನಕ್ಸ್ ಹಾಕಿದ ಮೇಲೆ ಲೇನು ನೋಡೋಣ ಅಂತ ಈ ಕಮಾಂಡು ಹೊಡೆಸಿದೆ:

```
$ sudo lspci -vv | grep -A60 'Non-Volatile' | grep -E 'LnkCap:|LnkSta:'
```

ಇದರಲ್ಲಿ `LnkCap` ಅಂದರೆ ಡ್ರೈವಿನ ಯೋಗ್ಯತೆ, `LnkSta` ಅಂದರೆ ಈಗ ನಿಜಕ್ಕೂ ಸಿಕ್ಕಿರುವುದು. ಹೊಸ ಡ್ರೈವಿಗೆ ಎರಡರಲ್ಲೂ `Speed 8GT/s` ಮತ್ತು `Width x2`. ಅಂದರೆ ಪಿಸಿಐಇ ಮೂರನೇ ತಲೆಮಾರು, ಎರಡು ಲೇನು. ಲೇನಿಗೆ ಸೆಕೆಂಡಿಗೆ 985 ಎಂಬಿಯಂತೆ ಎರಡಕ್ಕೆ ಸುಮಾರು 1,970 ಎಂಬಿ ಮೇಲ್ಮಿತಿ. ಸಾಟಾದ ಮೇಲ್ಮಿತಿ 600. ಬಿ ಕಚ್ಚು ಅರ್ಧ ರಸ್ತೆ ಕಿತ್ತುಕೊಂಡರೂ ಸಾಟಾಕ್ಕಿಂತ ಮೂರು ಪಟ್ಟು ಅಗಲ ಉಳಿದಿದೆ, ಲಿನಕ್ಸಿನಲ್ಲಿ ಪ್ರೋಗ್ರಾಮ್ ಕಟ್ಟುವ ಹುಡುಗನಿಗೆ ಧಾರಾಳ.

ಪರದೆಯ ಮೇಲೆ ಇನ್ನೊಂದು ಜೋಡಿ ಸಾಲೂ ಇತ್ತು, ವಿಂಡೋಸ್ ಇರುವ ಮುಖ್ಯ ಡ್ರೈವಿನದು. ಅದು 80 ಮಿಲಿಮೀಟರಿನ, ಬರೀ ಎಂ ಕಚ್ಚಿನ, ನಾಲ್ಕು ಲೇನಿನ ಡ್ರೈವ್. ಹಳೆಯ ಎರಡೂವರೆ ಇಂಚಿನ ಡಿಸ್ಕಿನ ಜಾಗದಲ್ಲಿ ಒಂದು ಅಡಾಪ್ಟರ್ ಮೇಲೆ ಕೂತು, ಕೇಬಲ್ ಮೂಲಕ ಬೋರ್ಡು ಸೇರುತ್ತದೆ. ಹುಡುಗ ಪರದೆಗೆ ಬೆರಳಿಟ್ಟು ಓದಿದ: "ಮಾಮ, ಇದರ ಯೋಗ್ಯತೆ `x4`, ಸಿಕ್ಕಿರೋದು `x2 (downgraded)`. ಇದಕ್ಕೆ ಬಿ ಕಚ್ಚೇ ಇಲ್ವಲ್ಲ?"

ಇಲ್ಲ, ಕಚ್ಚಿನದೇನೂ ತಪ್ಪಿಲ್ಲ. ನಾಲ್ಕೂ ಲೇನಿನ ಪಟ್ಟಿಗಳು ಡ್ರೈವಿನಲ್ಲೂ ಇವೆ, ಎಂ ಸಾಕೆಟ್ಟಿನಲ್ಲೂ ಅವಕ್ಕೆ ಜಾಗವಿದೆ. ಟಿ480ರಲ್ಲಿ ಆ ಜಾಗಕ್ಕೆ ಎಳೆದಿರುವುದೇ ಎರಡು ಲೇನು. ಮುಚ್ಚಳ ಇನ್ನೂ ಹಾಕಿರಲಿಲ್ಲ, ಅಡಾಪ್ಟರಿನಿಂದ ಬೋರ್ಡಿಗೆ ಹೋಗುವ ಆ ಚಪ್ಪಟೆ ಕೇಬಲನ್ನು ತೋರಿಸಿದೆ. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಮುಚ್ಚಳ ಬಿಗಿಯತೊಡಗಿದ.